ಫೋಟೋದಲ್ಲಿ ಮೇಜಿನ ಜೋಡಣೆ ಗುರುತಿಸುವುದು: ಡವ್‌ಟೇಲ್, ಮಾರ್ಟಿಸ್-ಟೆನನ್, ಡೋವೆಲ್, ಬರೀ ಮೊಳೆ

ಕಲಬುರಗಿ, ಆಳಂದ, ಸೇಡಂ ಕಡೆ ಹಳೆಯ ವಾಡೆ ಬಿಚ್ಚಿದಾಗ ಒಳಗಿನ ಮೇಜು, ಕಪಾಟು, ಕುರ್ಚಿಗಳ ಫೋಟೋ ಮೊದಲು ಬರುವುದು ವಾಟ್ಸಾಪಿನಲ್ಲಿ. ಅದೇ ವಾರ ಯಾವುದೋ ಅಂಗಡಿಯವರು ಅಷ್ಟೇ ದರಕ್ಕೆ ಹೊಸ ಮೇಜಿನ ಫೋಟೋ ಕಳಿಸಿರುತ್ತಾರೆ. ಎರಡರ ಕೆಳಗೂ ‘ಅಸಲಿ ಸಾಗವಾನಿ, ಗಟ್ಟಿ ಮಾಲು’ ಎಂದೇ ಬರೆದಿರುತ್ತದೆ. ಪಾಲಿಶ್ ಹಚ್ಚಿದ ಕಟ್ಟಿಗೆ ಸಾಗವಾನಿಯೋ ಅಲ್ಲವೋ ಎಂದು ಫೋಟೋ ನೋಡಿ ಖಾತ್ರಿಯಾಗಿ ಹೇಳುವುದು ಕಷ್ಟ. ಎರಡು ಕಟ್ಟಿಗೆ ಎಲ್ಲಿ ಹೇಗೆ ಕೂಡಿವೆ ಎಂಬುದನ್ನು ಮಾತ್ರ ಬಹಳ ಸಲ ಫೋಟೋದಲ್ಲೇ ಓದಬಹುದು, ಏಕೆಂದರೆ ಪಾಲಿಶ್ ಬಣ್ಣ ಬದಲಿಸುತ್ತದೆ, ಆಕಾರ ಬದಲಿಸುವುದಿಲ್ಲ.

ಇಲ್ಲಿ ಡ್ರಾವರ್ ಇರುವ ಓದುವ ಮೇಜನ್ನೇ ಉದಾಹರಣೆಯಾಗಿ ಹಿಡಿಯೋಣ. ಅದರಲ್ಲಿ ನೋಡಬೇಕಾದ ಜಾಗ ಎರಡು: ಡ್ರಾವರಿನ ಮುಂದಿನ ಮೂಲೆ, ಮತ್ತು ಕಾಲಿಗೆ ಅಡ್ಡಪಟ್ಟಿ ಸೇರುವ ಜಾಗ. ಮೇಜಿನ ಮೇಲ್ಹಲಗೆ ಎಷ್ಟೇ ಚಂದ ಇರಲಿ, ಅದು ಜೋಡಣೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೊದಲು ಅಡ್ಡಕೊಯ್ತ ಹುಡುಕಿ

ಹಲಗೆಯನ್ನು ಉದ್ದಕ್ಕೆ ಸೀಳಿದ ಮೈಯಲ್ಲಿ ಎಳೆಗಳು ಗೆರೆಯಾಗಿ ಹರಿಯುತ್ತವೆ. ಅಡ್ಡ ಕೊಯ್ದ ತುದಿಯಲ್ಲಿ ಅದೇ ಎಳೆಗಳು ಚುಕ್ಕಿಯಾಗಿ ಕಾಣುತ್ತವೆ. ಸಾಗವಾನಿಯಲ್ಲಿ ಈ ಚುಕ್ಕಿಗಳು ವರ್ಷದ ಬಳೆಗಳ ಗುಂಟ ಸಾಲುಗಟ್ಟಿ ಕಮಾನಿನಂತೆ ನಿಂತಿರುತ್ತವೆ. ಅಡ್ಡಕೊಯ್ತದ ಮೈ ಎಣ್ಣೆ, ಪಾಲಿಶ್ ಎರಡನ್ನೂ ಹೆಚ್ಚು ಹೀರುವುದರಿಂದ ಸುತ್ತಲಿನ ಕಟ್ಟಿಗೆಗಿಂತ ಒಂದು ಛಾಯೆ ಕಪ್ಪಾಗಿರುತ್ತದೆ. ಮಸುಕು ಫೋಟೋದಲ್ಲೂ ಉಳಿಯುವ ಸುಳಿವು ಈ ಬಣ್ಣದ ವ್ಯತ್ಯಾಸವೇ. ಮೂಲೆಯಲ್ಲಿ ಕಪ್ಪು-ತಿಳಿ ತುಂಡುಗಳು ಒಂದರ ಪಕ್ಕ ಒಂದು ಬಂದಿದ್ದರೆ ಅಲ್ಲಿ ಒಂದು ಹಲಗೆ ಇನ್ನೊಂದರೊಳಗೆ ಹೊಕ್ಕಿದೆ ಎಂದರ್ಥ. ನೇರವಾದ ಒಂದೇ ಗೆರೆ ಇದ್ದರೆ ಒಂದಕ್ಕೊಂದು ತಾಗಿಸಿ ಮೊಳೆಯನ್ನೋ ಅಂಟನ್ನೋ ನೆಚ್ಚಿದ್ದಾರೆ, ಇಲ್ಲವೇ ಹಿಡಿತ ಒಳಗೆ ಅಡಗಿದೆ.

ಡ್ರಾವರಿನ ಮೂಲೆ

ಡ್ರಾವರ್ ಎಳೆದಾಗ ಬಲವೆಲ್ಲ ಬೀಳುವುದು ಮುಂದಿನ ಹಲಗೆಯ ಮೇಲೆ. ಪಕ್ಕದ ಹಲಗೆಗಳು ಒಳಗಿನ ಪುಸ್ತಕ, ಕಾಗದದ ಭಾರದೊಂದಿಗೆ ಹಿಂದೆ ಉಳಿಯಲು ನೋಡುತ್ತವೆ. ಆದ್ದರಿಂದ ಡವ್‌ಟೇಲಿನಲ್ಲಿ ಪಕ್ಕದ ಹಲಗೆಯ ತುದಿಗೆ ಬಾಲದ ಆಕಾರ ಕೊಡುತ್ತಾರೆ. ಬಾಲ ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು. ಮುಂದಿನ ಹಲಗೆಯಲ್ಲಿ ಬಾಲಗಳ ನಡುವೆ ಕೂಡುವ ತುಂಡುಗಳಿಗೆ ಪಿನ್ ಎನ್ನುತ್ತಾರೆ. ಬಾಲದ ಅಗಲವಾದ ತುದಿ ಪಿನ್ನುಗಳ ನಡುವಿನ ಸಂದಿಯಿಂದ ಹಿಂದಕ್ಕೆ ಜಾರಲಾರದು. ಅಂಟು ಒಣಗಿ ಉದುರಿದರೂ ಎಳೆತಕ್ಕೆ ಮೂಲೆ ಬಿಚ್ಚುವುದಿಲ್ಲ.

ಇದರಿಂದ ಫೋಟೋ ನೋಡುವವರಿಗೆ ಒಂದು ನೇರ ನಿಯಮ ಸಿಗುತ್ತದೆ: ಬಾಲದ ಓರೆ ಆಕಾರ ಕಾಣಬೇಕಾದದ್ದು ಡ್ರಾವರಿನ ಪಕ್ಕದ ಮೈಯಲ್ಲಿ. ಎದುರಿನಿಂದ ನೋಡಿದರೆ ಅದೇ ಜೋಡಣೆಯಲ್ಲಿ ಬರೀ ನೇರ ಆಯತಗಳು ಕಾಣುತ್ತವೆ, ಏಕೆಂದರೆ ಎದುರಿಗೆ ಬರುವುದು ಬಾಲಗಳ ಕಡಿದ ತುದಿ. ಹಲವರು ತಪ್ಪುವುದು ಇಲ್ಲೇ. ಎದುರಿನ ಒಂದೇ ಫೋಟೋ ನೋಡಿ ‘ಇದು ಡವ್‌ಟೇಲ್ ಅಲ್ಲ, ಬೆರಳು ಜೋಡಣೆ’ ಎಂದುಬಿಡುತ್ತಾರೆ. ಬೆರಳು ಜೋಡಣೆಯಲ್ಲಿ ಎರಡೂ ಮೈಗಳಲ್ಲಿ ನೇರ ಆಯತಗಳೇ ಇರುತ್ತವೆ, ಅವುಗಳ ಅಗಲವೂ ಸಾಮಾನ್ಯವಾಗಿ ಒಂದೇ. ಅಲ್ಲಿ ಓರೆ ಇಲ್ಲದ ಕಾರಣ ಎಳೆತವನ್ನು ತಡೆಯುವುದು ಅಂಟೊಂದೇ. ಅಂಟು ಹತ್ತುವ ಮೈ ಬಹಳ ಇರುವುದರಿಂದ ಅದೇನೂ ದುರ್ಬಲವಲ್ಲ, ಆದರೆ ಅಂಟು ಬಿಟ್ಟ ದಿನ ಮೂಲೆ ಸಲೀಸಾಗಿ ಹೊರಬರುತ್ತದೆ. ಮೂಲೆಯ ಎರಡೂ ಮೈ ಕಾಣುವ ಫೋಟೋ ಇಲ್ಲದೆ ಇವೆರಡರ ನಡುವೆ ತೀರ್ಪು ಕೊಡಬಾರದು.

ಬಾಲದ ಓರೆ ಎದುರಿನ ಮೈಯಲ್ಲೇ ಕಂಡು, ಪಕ್ಕದಲ್ಲಿ ಆಯತ ಕಂಡರೆ ಹಲಗೆಗಳನ್ನು ತಿರುಗಾಮುರುಗಾ ಮಾಡಿದ್ದಾರೆ. ನೋಡಲು ಆಕರ್ಷಕ, ಆದರೆ ಎಳೆಯುವ ದಿಕ್ಕಿಗೆ ಬಾಲದ ಹಿಡಿತವೇ ಇಲ್ಲ.

ಒಳ್ಳೆಯ ಮೇಜುಗಳಲ್ಲಿ ಎದುರಿನಿಂದ ಏನೂ ಕಾಣುವುದಿಲ್ಲ. ಮುಂದಿನ ಹಲಗೆಯನ್ನು ಪೂರ್ತಿ ಕೊರೆಯದೆ ಎದುರಿಗೆ ಮೂರರಿಂದ ಆರು ಮಿಲಿಮೀಟರ್ ಕಟ್ಟಿಗೆ ಉಳಿಸಿ ಬಾಲಗಳನ್ನು ಒಳಗೆ ಮುಚ್ಚಿರುತ್ತಾರೆ. ಡ್ರಾವರ್ ಹೊರಗೆ ತೆಗೆದು ಪಕ್ಕದಿಂದ ನೋಡಿದಾಗಷ್ಟೇ ಬಾಲಗಳು ಕಾಣುತ್ತವೆ, ಅವುಗಳ ಮುಂದೆ ಒಂದು ಸಣ್ಣ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಗಮನವಿಟ್ಟು ನೋಡಿ. ಪಟ್ಟಿ ಮತ್ತು ಪಿನ್ನುಗಳು ಒಂದೇ ತುಂಡಾಗಿ, ಬಳೆಯ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಮುರಿಯದೆ ಹರಿದಿದ್ದರೆ ಅದು ಮುಚ್ಚಿದ ಡವ್‌ಟೇಲ್. ಮೇಲಿಂದ ಕೆಳಗೆ ಒಂದು ನೇರ ಗೆರೆ ಪಟ್ಟಿಯನ್ನೂ ಪಿನ್ನುಗಳನ್ನೂ ಬೇರ್ಪಡಿಸಿದ್ದರೆ, ಡ್ರಾವರ್ ಪೆಟ್ಟಿಗೆಯನ್ನು ಬೇರೆ ಮಾಡಿ, ಮುಂದೆ ಇನ್ನೊಂದು ಹಲಗೆ ಸ್ಕ್ರೂ ಹಾಕಿ ಕೂಡಿಸಿದ್ದಾರೆ. ಅದರಲ್ಲಿ ಮೋಸವಿಲ್ಲ, ಆದರೆ ಹಿಡಿಕೆ ಎಳೆದಾಗ ಭಾರ ಹೊರುವುದು ಆ ಸ್ಕ್ರೂಗಳು.

ಕೈಯಿಂದ ಮಾಡಿದ್ದೋ ಯಂತ್ರದ್ದೋ ಎಂಬುದನ್ನು ಪಿನ್ನಿನ ಅಗಲ ಹೇಳುತ್ತದೆ. ಗರಗಸದಿಂದ ಕೊಯ್ಯುವ ಬಡಿಗರು ಪಿನ್ನಿನ ಕಿರಿದಾದ ತುದಿಯನ್ನು ಮೂರು-ನಾಲ್ಕು ಮಿಲಿಮೀಟರಿಗೂ ಇಳಿಸಬಲ್ಲರು, ಬಾಲಗಳು ಪಿನ್ನಿಗಿಂತ ಹಲವು ಪಟ್ಟು ಅಗಲವಿರುತ್ತವೆ, ಒಂದು ಬಾಲದಿಂದ ಇನ್ನೊಂದಕ್ಕೆ ಅಳತೆ ಕೂದಲೆಳೆಯಷ್ಟು ಬದಲಾಗುತ್ತದೆ. ಬಾಲಗಳ ಬುಡದಲ್ಲಿ ಹಲಗೆಯ ಅಡ್ಡಕ್ಕೂ ಗುರುತುಮುಳ್ಳಿನಿಂದ ಗೀರಿದ ತೆಳು ಗೆರೆ ಉಳಿದಿರುವುದು ಕೈಕೆಲಸದ ಬಲವಾದ ಸಾಕ್ಷಿ. ರೌಟರ್ ಯಂತ್ರಕ್ಕೆ ಅಚ್ಚು ಕಟ್ಟಿ ಕೊರೆದದ್ದಾದರೆ ಬಾಲ ಮತ್ತು ಪಿನ್ ಸರಿಸುಮಾರು ಒಂದೇ ಅಗಲ, ಎಲ್ಲವೂ ಒಂದೇ ಅಚ್ಚಿನವು. ಕೊರೆಯುವ ಬಿಟ್‌ನ ಕಂಬಕ್ಕಿಂತ ಕಿರಿದಾದ ಸಂದಿಯನ್ನು ಅದು ಮಾಡಲಾರದು, ಹಾಗಾಗಿ ಸೂಜಿಯಂಥ ಪಿನ್ ಅದಕ್ಕೆ ಸಾಧ್ಯವಿಲ್ಲ. ಗಟ್ಟಿತನದಲ್ಲಿ ಯಂತ್ರದ ಡವ್‌ಟೇಲ್ ಕಡಿಮೆಯಲ್ಲ. ಆದರೆ ‘ನೂರು ವರ್ಷದ ಮೇಜು’ ಎಂದು ಹೇಳಿ ಸಮ ಅಗಲದ ಬಾಲಗಳ ಫೋಟೋ ಕಳಿಸಿದ್ದರೆ ಡ್ರಾವರ್ ಆಮೇಲೆ ಮಾಡಿದ್ದಿರಬಹುದೇ ಎಂದು ಕೇಳಲು ಕಾರಣವಿದೆ. ಡವ್‌ಟೇಲ್ ಇದೆ ಎಂದ ಮಾತ್ರಕ್ಕೆ ಮೇಜು ಹಳೆಯದಾಗುವುದಿಲ್ಲ.

ಬಾಲವೂ ಇಲ್ಲ, ಬೆರಳೂ ಇಲ್ಲ, ಒಂದೇ ಗೆರೆ ಇದೆ ಎಂದಾದರೆ ಮೊಳೆಯ ತಲೆ ಎಲ್ಲಿದೆ ಹುಡುಕಿ. ಎದುರಿನ ಮೈಯಲ್ಲಿ ಇದ್ದರೆ ಅದು ಎಲ್ಲಕ್ಕಿಂತ ಕೆಳದರ್ಜೆಯ ಜೋಡಣೆ: ಮೊಳೆ ಎಳೆಯುವ ದಿಕ್ಕಿಗೇ ನಿಂತಿದೆ, ಪ್ರತಿ ಎಳೆತವೂ ಅದನ್ನು ಸ್ವಲ್ಪ ಸ್ವಲ್ಪ ಕೀಳುತ್ತದೆ. ಪಕ್ಕದ ಮೈಯಲ್ಲಿ ಇದ್ದರೆ ಮೊಳೆ ಎಳೆತಕ್ಕೆ ಅಡ್ಡವಾಗಿದೆ, ಅಷ್ಟರಮಟ್ಟಿಗೆ ಮೇಲು. ಆದರೂ ಎರಡು ಕಡೆಯೂ ಮೊಳೆ ಹೋಗಿ ಕೂಡುವುದು ಅಡ್ಡಕೊಯ್ತದ ತುದಿಯಲ್ಲಿ, ಅಲ್ಲಿ ಎಳೆಗಳು ಮೊಳೆಯನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಮೊಳೆಯ ಸುತ್ತ ಕಪ್ಪು ಕಲೆ ಹರಡಿದ್ದರೆ ಕಬ್ಬಿಣ ತೇವ ಕಂಡಿದೆ ಎಂದು ತಿಳಿಯಿರಿ.

ಕಾಲು ಮತ್ತು ಅಡ್ಡಪಟ್ಟಿ

ಮೇಜು ಅಲ್ಲಾಡುವುದು ಇಲ್ಲಿಂದ. ಮಾರ್ಟಿಸ್ ಅಂದರೆ ಕಾಲಿನಲ್ಲಿ ಕೊರೆದ ಚೌಕ ಕುಳಿ. ಟೆನನ್ ಅಂದರೆ ಅಡ್ಡಪಟ್ಟಿಯ ತುದಿಯನ್ನು ತೆಳ್ಳಗೆ ಮಾಡಿ ಆ ಕುಳಿಗೆ ತೂರಿಸುವ ನಾಲಿಗೆ. ನಾಲಿಗೆಯ ದಪ್ಪ ರೂಢಿಯಲ್ಲಿ ಪಟ್ಟಿಯ ದಪ್ಪದ ಮೂರನೇ ಒಂದು ಭಾಗದಷ್ಟು. ಎತ್ತಿನ ಬಂಡಿಯ ಗಾಲಿಯಲ್ಲಿ ಅರೆಕಾಲುಗಳು ಗುಂಬಕ್ಕೆ ಹೊಕ್ಕಿರುವುದೂ ಇದೇ ತತ್ವದಲ್ಲಿ. ಹಳೆಯ ಮನೆಗಳ ಬಾಗಿಲ ಚೌಕಟ್ಟಿನಲ್ಲೂ ಇದೇ ಜೋಡಣೆ. ಬಣ್ಣ ಹಚ್ಚದ ಒಂದು ಹಳೆಯ ಚೌಕಟ್ಟನ್ನು ಹತ್ತಿರ ನಿಂತು ನೋಡಿದರೆ ಫೋಟೋ ಓದುವ ಕಣ್ಣು ಬೇಗ ಪಳಗುತ್ತದೆ.

ನಾಲಿಗೆ ಕಾಲನ್ನು ದಾಟಿ ಆಚೆ ಮೈಗೆ ಬಂದಿದ್ದರೆ ಗುರುತಿಸುವುದು ಸುಲಭ. ಕಾಲಿನ ಆಚೆ ಬದಿಯಲ್ಲಿ ಕಪ್ಪು ಛಾಯೆಯ ಉದ್ದುದ್ದ ಆಯತ ಕಾಣುತ್ತದೆ, ಅದರೊಳಗೆ ಬೆಣೆ ಹೊಡೆದಿದ್ದರೆ ಒಂದೆರಡು ಗೀರುಗಳೂ ಇರುತ್ತವೆ. ಆ ಗೀರುಗಳು ಕಾಲಿನ ಎಳೆಗೆ ಅಡ್ಡವಾಗಿರಬೇಕು. ಕಾಲು ನೆಟ್ಟಗೆ ನಿಂತಿದೆ ಎಂದರೆ ಗೀರು ಮಲಗಿರಬೇಕು. ಆಗ ಬೆಣೆ ನಾಲಿಗೆಯನ್ನು ಮೇಲಕ್ಕೂ ಕೆಳಕ್ಕೂ ಅಗಲಿಸಿ ಕುಳಿಯ ಗಟ್ಟಿ ತುದಿಗಳಿಗೆ ಒತ್ತುತ್ತದೆ. ಗೀರು ಕಾಲಿನ ಗುಂಟ ನೆಟ್ಟಗಿದ್ದರೆ ಬೆಣೆ ಕಾಲನ್ನು ಪಕ್ಕಕ್ಕೆ ಒತ್ತಿದೆ, ಅಂಥ ಕಾಲಿನಲ್ಲಿ ಆಯತದ ಮೇಲೆ-ಕೆಳಗೆ ಸೀಳು ಬಿಟ್ಟಿದೆಯೇ ನೋಡಬೇಕು.

ಹೆಚ್ಚಿನ ಮೇಜುಗಳಲ್ಲಿ ನಾಲಿಗೆ ಆಚೆ ಬರುವುದಿಲ್ಲ, ಕಾಲಿನೊಳಗೇ ನಿಲ್ಲುತ್ತದೆ. ಆಗ ಉಳಿಯುವ ಸಾಕ್ಷಿ ಗೂಟ: ನಾಲಿಗೆ ಹೊರಬರದಂತೆ ಕಾಲಿನ ಮೂಲಕ ಅಡ್ಡ ಹೊಡೆದ ಆರರಿಂದ ಹತ್ತು ಮಿಲಿಮೀಟರಿನ ಕಟ್ಟಿಗೆಯ ಅಥವಾ ಬಿದಿರಿನ ಕಡ್ಡಿ. ಬಿದಿರಿನದಾದರೆ ತುದಿಯಲ್ಲಿ ಕಪ್ಪು ಚುಕ್ಕಿಗಳು ಒತ್ತಾಗಿ ಕಾಣುತ್ತವೆ. ಆದರೆ ದುಂಡು ಗುರುತು ಕಂಡ ಕೂಡಲೇ ಗೂಟ ಎಂದು ನಂಬಬೇಡಿ, ಸ್ಕ್ರೂ ಮುಚ್ಚಲು ಹಾಕಿದ ಬಿರಡೆಯೂ ದುಂಡಗೇ ಇರುತ್ತದೆ.

ವ್ಯತ್ಯಾಸ ಇರುವುದು ಜಾಗದಲ್ಲಿ. ಮುಂದಿನ ಅಡ್ಡಪಟ್ಟಿ ಎಡಗಾಲಿಗೆ ಬಲದಿಂದ ಬಂದು ಸೇರುತ್ತದೆ ಎಂದಿಟ್ಟುಕೊಳ್ಳಿ. ನಾಲಿಗೆ ಎಡಕ್ಕೆ ಹೊಕ್ಕಿದೆ, ಗೂಟ ಅದಕ್ಕೆ ಅಡ್ಡವಾಗಿ ಹಾಯಬೇಕು. ಹಾಗಾಗಿ ಗೂಟದ ತಲೆ ಕಾಲಿನ ಎದುರಿನ ಮೈಯಲ್ಲಿ, ಪಟ್ಟಿ ತಾಗುವ ಗೆರೆಗೆ ಒಂದು-ಒಂದೂವರೆ ಸೆಂಟಿಮೀಟರ್ ಹತ್ತಿರದಲ್ಲಿ ಕಾಣುತ್ತದೆ. ಪಟ್ಟಿ ಅಗಲವಿದ್ದರೆ ಒಂದರ ಮೇಲೊಂದು ಎರಡು. ಸ್ಕ್ರೂ ಹಾಗಲ್ಲ. ಅದು ಕಾಲಿನ ಹೊರಗಿನಿಂದ ನೇರವಾಗಿ ಪಟ್ಟಿಯ ತುದಿಗೆ ಹೋಗಬೇಕು, ಆದ್ದರಿಂದ ಬಿರಡೆ ಕಾಲಿನ ಎಡಮೈಯಲ್ಲಿ, ಪಟ್ಟಿಯ ನೇರಕ್ಕೆ ಬರುತ್ತದೆ. ಎಡಮೈಯಲ್ಲಿ ಪಕ್ಕದ ಅಡ್ಡಪಟ್ಟಿಯ ಗೂಟವೂ ಇರಬಹುದು. ದುಂಡು ಗುರುತು ಆ ಪಕ್ಕದ ಪಟ್ಟಿ ತಾಗುವ ಗೆರೆಯ ಹತ್ತಿರ ಇದ್ದರೆ ಅದು ಗೂಟ. ಗೆರೆಯಿಂದ ದೂರ ಸರಿದು ಕಾಲಿನ ಮುಂದಿನ ಅಂಚಿನ ಕಡೆ ಇದ್ದರೆ ಅದು ಮುಂದಿನ ಪಟ್ಟಿಯ ಸ್ಕ್ರೂ.

ಇದಕ್ಕೆ ಇನ್ನೊಂದು ಆಸರೆ ನಮ್ಮ ಕಡೆಯ ಹವೆ ಕೊಡುತ್ತದೆ. ಕಟ್ಟಿಗೆ ಒಣಗಿದಾಗ ಅಗಲಕ್ಕೂ ದಪ್ಪಕ್ಕೂ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ನಗಣ್ಯ. ಕಲಬುರಗಿಯ ಬೇಸಿಗೆ ನಲವತ್ತು ಡಿಗ್ರಿ ದಾಟಿ ಒಣಗಿಸುತ್ತದೆ, ಮಳೆಗಾಲ ಮತ್ತೆ ಉಬ್ಬಿಸುತ್ತದೆ. ಕಾಲು ಕುಗ್ಗಿದರೂ ಗೂಟದ ಉದ್ದ ಹಾಗೇ ಇರುವುದರಿಂದ ಹಳೆಯ ಮೇಜಿನಲ್ಲಿ ಗೂಟದ ತಲೆ ಮೈಮಟ್ಟಕ್ಕಿಂತ ಕೂದಲೆಳೆಯಷ್ಟು ಹೊರಚಾಚಿರುತ್ತದೆ. ಪಕ್ಕದಿಂದ ಬೆಳಕು ಬಿದ್ದರೆ ಅದಕ್ಕೊಂದು ಸಣ್ಣ ನೆರಳು ಬೀಳುತ್ತದೆ. ಸ್ಕ್ರೂ ಬಿರಡೆಯನ್ನು ಹಲವು ಸಲ ಹಲಗೆಯಿಂದಲೇ ಕೊರೆದು ತೆಗೆದಿರುತ್ತಾರೆ, ಅದರ ಮೇಲೆ ಚುಕ್ಕಿಗಳ ಬದಲು ಉದ್ದ ಎಳೆ ಕಾಣುತ್ತದೆ, ಸುತ್ತಲಿನ ಕಟ್ಟಿಗೆಯೊಂದಿಗೇ ಕುಗ್ಗುತ್ತದೆ.

ಇನ್ನು ಡೋವೆಲ್. ಕಾಲಿಗೂ ಪಟ್ಟಿಯ ತುದಿಗೂ ದುಂಡು ತೂತು ಹಾಕಿ, ನಡುವೆ ದುಂಡು ಕಡ್ಡಿಗಳನ್ನು ಅಂಟಿನೊಂದಿಗೆ ಕೂಡಿಸುವುದು ಅದರ ರೀತಿ. ಮುಚ್ಚಿದ ಡೋವೆಲ್ ಜೋಡಣೆಗೂ ಗೂಟವಿಲ್ಲದ, ಒಳಗೇ ನಿಂತ ಮಾರ್ಟಿಸ್-ಟೆನನಿಗೂ ಹೊರಗಿನಿಂದ ಏನೂ ವ್ಯತ್ಯಾಸವಿಲ್ಲ. ಎರಡರಲ್ಲೂ ಕಾಣುವುದು ಒಂದು ನೇರ ಗೆರೆ. ಇಂಥ ಫೋಟೋ ನೋಡಿ ಯಾರಾದರೂ ಖಚಿತವಾಗಿ ಹೇಳಿದರೆ ಅದು ಊಹೆಯಷ್ಟೇ. ಗೆರೆ ಬಾಯಿ ಬಿಟ್ಟಿದ್ದರೆ ಮಾತ್ರ ದಾರಿಯಿದೆ: ಸಂದಿಗೆ ಟಾರ್ಚ್ ಬಿಟ್ಟು ತೆಗೆದ ಫೋಟೋದಲ್ಲಿ ಚಪ್ಪಟೆ ನಾಲಿಗೆ ಕಂಡರೆ ಟೆನನ್, ದುಂಡು ಕಡ್ಡಿ ಮತ್ತು ಅದರ ಪಕ್ಕ ಖಾಲಿ ಜಾಗ ಕಂಡರೆ ಡೋವೆಲ್.

ಹೊಸ ಮೇಜಿನಲ್ಲಿ ಉತ್ತರ ಬಹುತೇಕ ಅಡಿಯಲ್ಲಿರುತ್ತದೆ. ಪಟ್ಟಿಯ ಒಳಮೈಯಲ್ಲಿ ಓರೆಯಾಗಿ ಕೊರೆದ ಮೊಟ್ಟೆಯಾಕಾರದ ತೂತುಗಳಿದ್ದರೆ ಓರೆ ಸ್ಕ್ರೂ. ಮೂಲೆಯಲ್ಲಿ ಕಬ್ಬಿಣದ ತಗಡು ಮತ್ತು ನಟ್ಟು ಇದ್ದರೆ ಬಿಚ್ಚಿ ಕೂಡಿಸುವ ಕಾಲು. ಒಳಮೈಯಲ್ಲಿ ಸುಮಾರು ಹದಿನೈದು ಮಿಲಿಮೀಟರಿನ ದುಂಡು ಲೋಹದ ತಲೆ ಅಥವಾ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಅದು ಬಹುತೇಕ ಪಾರ್ಟಿಕಲ್ ಬೋರ್ಡಿನ ಪೆಟ್ಟಿಗೆ, ಮೇಲೆ ಕಾಣುವ ‘ಸಾಗವಾನಿ’ ಬರೀ ಹಾಳೆಯಾಗಿರಬಹುದು.

ಎರಡು ಮೇಜು, ಒಂದೇ ದರ

ಈಗ ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಡೋಣ. ಹಳೆಯ ಮೇಜಿನ ಡ್ರಾವರ್ ಪಕ್ಕದಲ್ಲಿ ಮೂರು ಅಗಲ ಬಾಲ, ನಡುವೆ ಕಿರಿದಾದ ಪಿನ್, ಬುಡದಲ್ಲಿ ಗೀರುಗೆರೆ ಇದೆ. ಬಾಲಗಳ ಮುಂದಿನ ಸಣ್ಣ ಪಟ್ಟಿ ಪಿನ್ನಿನೊಂದಿಗೆ ಒಂದೇ ತುಂಡು. ಅಂದರೆ ಕೈಯಿಂದ ಕೊಯ್ದ ಮುಚ್ಚಿದ ಡವ್‌ಟೇಲ್. ಕಾಲಿನ ಎದುರಿನಲ್ಲಿ ಪಟ್ಟಿಯ ಗೆರೆಯ ಹತ್ತಿರ ಎರಡು ಗೂಟದ ತಲೆಗಳಿವೆ. ಆದರೆ ಹಿಂದಿನ ಒಂದು ಕಾಲಿನಲ್ಲಿ ಪಟ್ಟಿಗೂ ಕಾಲಿಗೂ ನಡುವೆ ಎರಡು ಮಿಲಿಮೀಟರ್ ಕಪ್ಪು ಸಂದಿ ಬಿಟ್ಟಿದೆ, ಅಲ್ಲೇ ಒಂದು ಮೊಳೆಯ ತಲೆಯೂ ಇದೆ.

ಆ ಸಂದಿ ಬೇಸಿಗೆಯ ಕುಗ್ಗುವಿಕೆಯಿಂದ ಬಂದದ್ದಲ್ಲ. ಪಟ್ಟಿ ಉದ್ದಕ್ಕೆ ಕುಗ್ಗುವುದಿಲ್ಲವಲ್ಲ, ಹಾಗಾಗಿ ಗೆರೆ ಎರಡು ಮಿಲಿಮೀಟರ್ ತೆರೆದಿದೆ ಎಂದರೆ ನಾಲಿಗೆ ಹಿಂದೆ ಸರಿದಿದೆ, ಗೂಟ ಮುರಿದಿದೆ ಅಥವಾ ಬಿದ್ದುಹೋಗಿದೆ. ಯಾರೋ ಅದನ್ನು ಮೊಳೆ ಹೊಡೆದು ನಿಲ್ಲಿಸಲು ನೋಡಿದ್ದಾರೆ. ದುರಸ್ತಿ ಸಾಧ್ಯ: ಬಡಿಗರು ಮೊದಲು ಮೊಳೆ ಕೀಳಬೇಕು, ಗೂಟದ ತುಂಡು ಹೊರತೆಗೆಯಬೇಕು, ಪಟ್ಟಿ ಎಳೆದು ಹಳೆಯ ಅಂಟನ್ನು ಪೂರ್ತಿ ಕೆರೆದು ಹೊಸ ಅಂಟು ಹಚ್ಚಿ ಬಿಗಿದು ಒಂದು ದಿನ ಬಿಡಬೇಕು, ಆಮೇಲೆ ಹೊಸ ಗೂಟ. ಹಳೆಯ ಅಂಟಿನ ಮೇಲೆ ಬಿಳಿ ಅಂಟು ಸುರಿದರೆ ಹಿಡಿಯುವುದಿಲ್ಲ, ಏಕೆಂದರೆ ಅದು ಕಟ್ಟಿಗೆಯ ಎಳೆಯೊಳಗೆ ಇಳಿಯಬೇಕು. ಮೊಳೆ ಇರುವಾಗ ಪಟ್ಟಿಯನ್ನು ಬಡಿದು ಬಿಚ್ಚಿದರೆ ನಾಲಿಗೆ ಸೀಳುತ್ತದೆ. ಹೀಗಾಗಿ ಸಂದಿಗಿಂತ ಆ ಮೊಳೆಯೇ ದರ ಇಳಿಸಲು ದೊಡ್ಡ ಕಾರಣ.

ಹೊಸ ಮೇಜಿನ ಡ್ರಾವರಿನಲ್ಲಿ ಸಮ ಅಗಲದ ಬಾಲಗಳಿವೆ, ಯಂತ್ರದ ಡವ್‌ಟೇಲ್, ಅಡ್ಡಿಯಿಲ್ಲ. ಕಾಲಿನ ಮೇಲೆ ಯಾವ ಗುರುತೂ ಇಲ್ಲ, ಗೆರೆ ಬಿಗಿಯಾಗಿದೆ. ಇಷ್ಟರಿಂದ ಏನೂ ತೀರ್ಮಾನವಾಗದು, ಅಡಿಯ ಫೋಟೋ ಬೇಕೇ ಬೇಕು. ಅದರಲ್ಲಿ ಮೂಲೆ ತಗಡು, ನಟ್ಟು ಕಂಡಿತು ಎನ್ನಿ. ಆಗ ಆಯ್ಕೆ ಸ್ಪಷ್ಟವಾಗುತ್ತದೆ. ಬಾಡಿಗೆ ಕೋಣೆ ಬದಲಿಸುವ ವಿದ್ಯಾರ್ಥಿಗೆ ಹೊಸ ಮೇಜೇ ಸರಿ: ಕಾಲು ಬಿಚ್ಚಿ ಟಂಟಂನಲ್ಲಿ ಸಾಗಿಸಬಹುದು, ಸಡಿಲಾದರೆ ಪಾನಾ ಹಿಡಿದು ನಟ್ಟು ಬಿಗಿದರೆ ಮುಗಿಯಿತು. ಒಂದೇ ಕಡೆ ಇಡುವ ಮನೆಗೆ, ದುರಸ್ತಿಯ ಖರ್ಚನ್ನು ದರದಲ್ಲಿ ಕಳೆದುಕೊಡಲು ಒಪ್ಪಿದರೆ, ಹಳೆಯದನ್ನೇ ತರಬೇಕು. ಅದರ ಪ್ರತಿ ಜೋಡಣೆಯನ್ನೂ ಮುಂದೊಂದು ದಿನ ಮತ್ತೆ ಬಿಚ್ಚಿ ಕೂಡಿಸಬಹುದು. ಅಡಿಯಲ್ಲಿ ತಗಡಿನ ಬದಲು ಬರೀ ಓರೆ ಸ್ಕ್ರೂ ಕಂಡಿದ್ದರೆ ಎರಡೂ ಕಡೆಯವರಿಗೆ ಹಳೆಯದೇ ಮೇಲು, ಏಕೆಂದರೆ ಬಿಚ್ಚಿ ಹಾಕಿ ಮಾಡಿದಂತೆಲ್ಲ ಸ್ಕ್ರೂ ತೂತು ಅಗಲವಾಗುತ್ತದೆ.

ಮಾರುವವರಿಂದ ಯಾವ ಫೋಟೋ ಕೇಳಬೇಕು

ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋ ಕುಗ್ಗಿ ಬರುತ್ತದೆ, ಪಿನ್ನಿನ ಗೆರೆಗಳು ಮೊದಲು ಅಳಿಯುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಪೂರ್ತಿ ಸ್ಪಷ್ಟತೆ ಉಳಿಯುತ್ತದೆ. ಫ್ಲ್ಯಾಶ್ ಎದುರಿನಿಂದ ಬಿದ್ದರೆ ಪಾಲಿಶ್ ಮಿಂಚಿ ಎಲ್ಲ ಮುಚ್ಚಿಹೋಗುತ್ತದೆ, ಬೆಳಕು ಪಕ್ಕದಿಂದ ಬರಬೇಕು. ಅಳತೆಗೆ ಒಂದು ಇಂಚು ಪಟ್ಟಿ ಪಕ್ಕದಲ್ಲಿರಲಿ. ಕೇಳುವುದು ಹೀಗೆ ಸರಳವಾಗಿರಲಿ:

“ಅಣ್ಣಾರ, ಡ್ರಾವರ್ ಪೂರಾ ಹೊರಗ ತೆಗೀರಿ. ಅದರ ಮುಂದಿನ ಮೂಲಿ ಎರಡೂ ಬಾಜೂ ಕಾಣೂಹಂಗ ಒಂದು ಫೋಟೋ ಹೊಡೀರಿ. ಆಮ್ಯಾಲ ಟೇಬಲ್ ಮಗ್ಗಲಿಗಿ ಮಲಗಿಸಿ ನಾಲ್ಕೂ ಕಾಲಿಂದು ಒಳಗಿನ ಮೂಲಿ ಒಂದೊಂದು ಫೋಟೋ ಹೊಡೀರಿ. ಟಾರ್ಚ್ ಬಾಜೂಕ ಹಿಡೀರಿ, ಫ್ಲ್ಯಾಶ್ ಬ್ಯಾಡ್ರಿ.”

ನಾಲ್ಕೂ ಕಾಲು ಎಂದು ಒತ್ತಿ ಹೇಳುವುದು ಏಕೆಂದರೆ ಮುಂದಿನ ಎರಡು ಕಾಲು ಚೆನ್ನಾಗಿದ್ದು ಹಿಂದಿನದು ಸಡಿಲಿರುವುದು ಹೆಚ್ಚು. ಗೋಡೆ ಕಡೆಯ ಕಾಲಿಗೆ ತೇವ, ನೆಲ ತೊಳೆದ ನೀರು ಜಾಸ್ತಿ ತಾಗುತ್ತದೆ, ಯಾರೂ ನೋಡುವುದೂ ಇಲ್ಲ. ದಪ್ಪ ಪೇಂಟು ಹಚ್ಚಿದ ಮೇಜಾದರೆ ಅಡ್ಡಕೊಯ್ತದ ಬಣ್ಣವೂ ಗೂಟದ ತಲೆಯೂ ಮುಚ್ಚಿರುತ್ತವೆ. ಅಂಥದಕ್ಕೆ ಡ್ರಾವರಿನ ಒಳಭಾಗ ಮತ್ತು ಮೇಜಿನ ಅಡಿಯ ಫೋಟೋವಷ್ಟೇ ಉಪಯೋಗಕ್ಕೆ ಬರುತ್ತದೆ, ಅಲ್ಲಿಗೆ ಪೇಂಟ್ ಹಚ್ಚುವವರು ಕಡಿಮೆ. ಪೇಂಟಿನಲ್ಲಿ ಪಟ್ಟಿ ತಾಗುವ ಗೆರೆಯ ಗುಂಟ ಕೂದಲು ಬಿರುಕು ಇದ್ದರೆ ಒಳಗೆ ಜೋಡಣೆ ಅಲುಗಾಡುತ್ತಿದೆ. ಅದು ಟೆನನೋ ಡೋವೆಲ್ಲೋ ಎಂಬುದಕ್ಕೆ ಮೇಜನ್ನು ಹೋಗಿ ನೋಡಿ, ಒಂದು ಮೂಲೆ ಹಿಡಿದು ಅಲ್ಲಾಡಿಸಿ, ಆ ಬಿರುಕು ಬಾಯಿ ತೆರೆದಾಗ ಟಾರ್ಚ್ ಬಿಟ್ಟು ನೋಡಬೇಕಾಗುತ್ತದೆ.